ಕಲ್ಲಕಟ್ಟಿಯ ಫೋಟೋ ಇಲ್ಲದ ಸುದ್ದಿ

ಕಲ್ಲಕಟ್ಟಿ ಗ್ರಾಮ ಪಂಚಾಯಿತಿ ಅಧ್ಯಕ್ಷ ಕರಬಸಪ್ಪನವರಿಗೆ ಎರಡು ಬಗೆಯ ನಗು ಇದ್ದವು. ಒಂದು ಮನುಷ್ಯರಿಗೆ, ಇನ್ನೊಂದು ಕ್ಯಾಮೆರಾಕ್ಕೆ. ಮನುಷ್ಯರಿಗೆ ಮೀಸಲಾದದ್ದು ಚುನಾವಣೆ ಮುಗಿದ ದಿನವೇ ಪೆಟ್ಟಿಗೆ ಸೇರಿತ್ತು. ಕ್ಯಾಮೆರಾದ ನಗು ಮಾತ್ರ ದಿನಬಳಕೆಯಲ್ಲಿತ್ತು. ಊರ ಗ್ರಂಥಾಲಯದ ಮೇಲ್ವಿಚಾರಕಿ ಸುಜಾತಾ ಇದನ್ನು ಬಹಳ ದಿನಗಳಿಂದ ಗಮನಿಸಿದ್ದಳು, ಆದರೆ ಯಾರ ಮುಂದೆಯೂ ಆಡಿರಲಿಲ್ಲ. ಗ್ರಂಥಾಲಯದ ಹೊರಗೋಡೆಯ ಮೇಲಿನ ಕಪ್ಪು ಬೋರ್ಡು ಪಂಚಾಯಿತಿಯದು, ಗೋಡೆಯೂ ಪಂಚಾಯಿತಿಯದು. ಸೀಮೆಸುಣ್ಣ ಒಂದೇ ಅವಳದು.

ಆ ಬೋರ್ಡು ಅವಳ ಪಾಲಿಗೆ ದೊಡ್ಡ ಸಂಗತಿ. ಬೆಳಗ್ಗೆ ಏಳಕ್ಕೆ ಅವಳು ಅದರ ಮೇಲೆ ಐದಾರು ಸುದ್ದಿ ಬರೆಯುತ್ತಿದ್ದಳು. ಹೊಲದ ಪಂಪಿಗೆ ತ್ರೀಫೇಸ್ ಕರೆಂಟು ಎಷ್ಟಕ್ಕೆ ಬರುತ್ತದೆ, ಗೋವಿನಜೋಳದ ದರ ಹಿರೇಕೆರೂರಿನಲ್ಲಿ ಎಷ್ಟು, ಸವಣೂರಿನಲ್ಲಿ ಎಷ್ಟು, ಮಳೆ ಉಂಟೋ ಇಲ್ಲವೋ, ಅರ್ಜಿ ಹಾಕಲು ಕೊನೆಯ ದಿನ ಯಾವುದು. ಪೇಪರು ಬರುವುದು ಹನ್ನೊಂದರ ಬಸ್ಸಿಗೆ. ಅಷ್ಟು ಹೊತ್ತಿಗೆ ಓದಬೇಕಾದವರೆಲ್ಲ ಹೊಲದಲ್ಲಿರುತ್ತಾರೆ, ಓದದವರು ಮಾತ್ರ ಕಟ್ಟೆಯ ಮೇಲಿರುತ್ತಾರೆ. ಆದ್ದರಿಂದ ಊರಿನ ಪೇಪರೆಂದರೆ ಸುಜಾತಾಳ ಬೋರ್ಡೇ.

ಸುದ್ದಿ ಹೇಳುವುದು ಅವಳ ಮನೆತನದಲ್ಲೇ ಬಂದದ್ದು. ಅಪ್ಪ ಗುತ್ತೆಪ್ಪ ಮೊದಲು ಊರಿಗೆ ಡಂಗುರ ಸಾರುತ್ತಿದ್ದ. ಚಿಕ್ಕವಳಿದ್ದಾಗ ಅವಳಿಗೆ ಅದು ನಾಚಿಕೆಯ ವಿಷಯ. ಶಾಲೆಯ ಕಿಟಕಿಯಲ್ಲಿ ಅಪ್ಪನ ದನಿ ಕೇಳಿದರೆ ಪುಸ್ತಕದಲ್ಲಿ ತಲೆ ಹುದುಗಿಸುತ್ತಿದ್ದಳು. ಗೆಳತಿಯರು ನಕ್ಕರೆ ತಾನೂ ನಕ್ಕುಬಿಡುತ್ತಿದ್ದಳು. ಹಾಗೆ ನಕ್ಕದ್ದು ಅವಳಿಗೆ ಈಗಲೂ ಚುಚ್ಚುತ್ತದೆ. ಗುತ್ತೆಪ್ಪನಿಗೆ ಅಕ್ಷರ ಬಾರದು, ಆದರೆ ಅವನ ಡಂಗುರದಲ್ಲಿ ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಏನು, ಎಲ್ಲಿ, ಯಾವಾಗ. ಇಷ್ಟು ಹೇಳಿ ಮುಂದಿನ ಓಣಿಗೆ ಹೋಗಿಬಿಡುತ್ತಿದ್ದ.

ಅದೇ ಏನು, ಎಲ್ಲಿ, ಯಾವಾಗಗಳನ್ನು ಮೊಬೈಲಿನಿಂದ ಹೊರಗೆಳೆಯುವುದಕ್ಕೆ ಮಗಳು ಪಟ್ಟ ಪಾಡು ಮಾತ್ರ ಅಷ್ಟಿಷ್ಟಲ್ಲ.

ಕಲ್ಲಕಟ್ಟಿ ಇರುವುದು ತಡಸದಿಂದ ಒಳಗೆ, ತಗ್ಗಿನಲ್ಲಿ. ಅಲ್ಲಿ ಫೋನಿನ ನೆತ್ತಿಯ ಮೇಲೆ ‘ಇ’ ಎಂಬ ಒಂದೇ ಇಂಗ್ಲಿಷ್ ಅಕ್ಷರ ಕೂತಿರುತ್ತದೆ. ದೇಶವೆಲ್ಲ ಐದನೆಯ ತಲೆಮಾರಿನ ಜಾಲದಲ್ಲಿ ಓಡುತ್ತಿದ್ದರೆ ಕಲ್ಲಕಟ್ಟಿ ಎರಡನೆಯದರಲ್ಲೇ ತೆವಳುತ್ತಿತ್ತು. ಊರಿಗೆಂದೇ ಗುಡ್ಡದ ಮೇಲೊಂದು ಟವರು ಎದ್ದಿದ್ದು ನಿಜ. ಆದರೆ ಅದಕ್ಕೆ ಕರೆಂಟಿರಲಿಲ್ಲ. ಅದರ ತುದಿಯಲ್ಲಿ ಹದ್ದೊಂದು ಕೂರುತ್ತಿತ್ತು. ಟವರಿನಿಂದ ಉಪಯೋಗವಾದದ್ದು ಅದೊಂದಕ್ಕೇ.

ಇಂಥ ಊರಿನಲ್ಲಿ ಸುದ್ದಿಯ ಜಾಲತಾಣ ತೆರೆಯುವುದೆಂದರೆ ಎಮ್ಮೆಯನ್ನು ಅಟ್ಟ ಹತ್ತಿಸಿದ ಹಾಗೆ. ಸುದ್ದಿ ಇರುವುದು ನಾಲ್ಕು ಸಾಲು. ಅದರ ಮುಂದೆ ಸೀರೆಯ ಜಾಹೀರಾತು, ಹಿಂದೆ ನಿವೇಶನದ ಜಾಹೀರಾತು, ಮೂಲೆಯಲ್ಲಿ ತಾನಾಗಿಯೇ ಅರಚಲು ಶುರುಮಾಡುವ ವಿಡಿಯೋ, ನಡುವೆ ‘ನಮ್ಮ ಸುದ್ದಿಗಳು ನಿಮಗೆ ತಕ್ಷಣ ಬೇಕೇ?’ ಎಂಬ ಪ್ರಶ್ನೆ. ತಕ್ಷಣವೇ ಬೇಕಿತ್ತು, ಕೊಡುತ್ತಿರಲಿಲ್ಲ ಅಷ್ಟೇ. ಒಂದು ಪುಟ ಐದು ಎಂಬಿ. ‘ಇ’ಯ ಮೇಲೆ ಅದು ಇಳಿಯಲು ಎಂಟು ಹತ್ತು ನಿಮಿಷ, ಅದೂ ನಡುವೆ ಕಡಿಯದಿದ್ದರೆ. ಕಡಿಯದೆ ಇರುತ್ತಿರಲಿಲ್ಲ.

ದಾರಿ ತೋರಿಸಿದವಳು ತಡಸದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ನಸೀರಾ. ಸುಜಾತಾ ಒಮ್ಮೆ ರಿಚಾರ್ಜಿಗೆ ಹೋದಾಗ ತನ್ನ ಗೋಳು ಹೇಳಿಕೊಂಡಳು.

"ಅಕ್ಕಾ, ನಿಮಗ ಬೇಕಾಗಿದ್ದು ಅಕ್ಷರ ಹೌದಲ್ರಿ?" ಎಂದಳು ನಸೀರಾ. "ಮತ್ತ ಫೋಟೋ ಯಾಕ ಹೊತ್ಗೊಂಡು ಒಯ್ತೀರಿ? ಬಂದ್ ಮಾಡ್ರಿ."

ಅವಳು ಫೋನಿಗೆ ಬೇರೊಂದು ಸಣ್ಣ ಬ್ರೌಸರ್ ಹಾಕಿಕೊಟ್ಟಳು. ಅದು ಪುಟವನ್ನು ಮೊದಲು ತನ್ನ ಸರ್ವರಿನಲ್ಲಿ ಹಿಂಡಿ, ನೀರು ತೆಗೆದು, ಒಣಗಿಸಿ ಆಮೇಲೆ ಫೋನಿಗೆ ಕಳಿಸುತ್ತದೆ. ಅದರ ಸೆಟ್ಟಿಂಗಿನಲ್ಲಿ ಚಿತ್ರಗಳನ್ನು ಪೂರ್ತಿ ಬಂದ್ ಮಾಡಿದಳು. ಐದು ಎಂಬಿಯ ಪುಟ ಐವತ್ತು ಕೆಬಿಗೆ ಇಳಿಯಿತು. ಊರಿಗೆ ಬಂದು ತೆರೆದರೆ ಐದಾರು ಸೆಕೆಂಡಿನಲ್ಲಿ ಸುದ್ದಿ ಬಂದು ಕೂತಿತು. ಸುಜಾತಾಳಿಗೆ ಎಷ್ಟು ಖುಷಿಯಾಯಿತೆಂದರೆ, ಬೇಕಿಲ್ಲದ ಕ್ರಿಕೆಟ್ ಸ್ಕೋರನ್ನೂ ಅಂದು ಬೋರ್ಡಿನ ಮೇಲೆ ಬರೆದಳು.

ಅಲ್ಲಿಂದ ಅವಳಿಗೆ ಅದರ ಹುಚ್ಚೇ ಹಿಡಿಯಿತು. ಕೆಲವು ತಾಣಗಳ ವಿಳಾಸದ ಕೊನೆಗೆ ಒಂದು ಓರೆಗೆರೆ ಹಾಕಿ ‘ಫೀಡ್’ ಎಂದು ಇಂಗ್ಲಿಷಿನಲ್ಲಿ ಸೇರಿಸಿದರೆ ತಲೆಬರಹಗಳಷ್ಟೇ ಸಾಲಾಗಿ ಬರುತ್ತವೆ ಎಂದು ಕಂಡುಕೊಂಡಳು. ಕೆಲವು ತಾಣಗಳಲ್ಲಿ ‘ಮುದ್ರಿಸಿ’ ಎಂಬ ಗುಂಡಿ ಒತ್ತಿದರೆ ಅಲಂಕಾರವೆಲ್ಲ ಬಿಟ್ಟ ಪುಟ ಸಿಗುತ್ತಿತ್ತು. ಫೋನಿನ ಹಳೆಯ ಬ್ರೌಸರಿನಲ್ಲಿ ಜಾವಾಸ್ಕ್ರಿಪ್ಟ್ ಎಂಬುದನ್ನು ಬಂದ್ ಮಾಡಿದರೆ ಕೆಲವು ತಾಣ ತೊಳೆದಿಟ್ಟ ತಾಟಿನಂತೆ ತೆರೆಯುತ್ತಿದ್ದವು, ಕೆಲವು ಬರೀ ಬಿಳಿ ಹಾಳೆ ತೋರಿಸಿ ಸುಮ್ಮನಾಗುತ್ತಿದ್ದವು. ಯಾವ ತಾಣಕ್ಕೆ ಯಾವ ಮದ್ದು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಳು. ಗ್ರಂಥಾಲಯಕ್ಕೆ ಬಂದವರ ಫೋನಿನಲ್ಲೂ ಆ ಸಣ್ಣ ಬ್ರೌಸರ್ ಹಾಕಿಕೊಟ್ಟಳು. ವರ್ಷ ತುಂಬುವುದರೊಳಗೆ ಕಲ್ಲಕಟ್ಟಿಯ ಅರ್ಧ ಊರು ಫೋಟೋ ಇಲ್ಲದೆ ಸುದ್ದಿ ಓದತೊಡಗಿತ್ತು.

ಕರಬಸಪ್ಪನವರಿಗೆ ಇದು ಗೊತ್ತಿರಲಿಲ್ಲ. ಗೊತ್ತಾದದ್ದು ನೀರಿನ ಘಟಕದ ಉದ್ಘಾಟನೆಯ ಮರುದಿನ.

ಉದ್ಘಾಟನೆಗೆ ಶಾಸಕರು ಬಂದಿದ್ದರು. ವೇದಿಕೆ ಏರಿದವರಿಗೆಲ್ಲ ಹಳದಿ ಪೇಟ ಸುತ್ತಿ ಸನ್ಮಾನವಾಯಿತು. ಒಂದು ಸುದ್ದಿ ತಾಣದ ವರದಿಗಾರ ಬಂದು ಸಿಕ್ಕಾಪಟ್ಟೆ ಫೋಟೋ ಹೊಡೆದುಕೊಂಡು, ಊಟ ಮಾಡಿ, "ಸಾಹೇಬ್ರ, ನಿಮ್ಮದು ಚಲೋ ಬಂದೈತ್ರಿ" ಎಂದು ಅಧ್ಯಕ್ಷರಿಗೆ ಹೇಳಿ ಹೋದ. ಮರುದಿನ ಹದಿನಾಲ್ಕು ಫೋಟೋಗಳೊಂದಿಗೆ ಸುದ್ದಿ ಬಂತು. ಫೋಟೋ ಅಷ್ಟೊಂದಿದ್ದ ಮೇಲೆ ಅಕ್ಷರಕ್ಕೆ ಯಾಕೆ ಒದ್ದಾಡಬೇಕೆಂದು ವರದಿಗಾರ ಎರಡೇ ಸಾಲು ಗೀಚಿದ್ದ. ಸುಜಾತಾ ಕಂಡದ್ದನ್ನು ಕಂಡಂತೆ ಬೋರ್ಡಿಗಿಳಿಸಿದಳು:

‘ಕಲ್ಲಕಟ್ಟಿಯಲ್ಲಿ ಶುದ್ಧ ಕುಡಿಯುವ ನೀರಿನ ಘಟಕವನ್ನು ಶಾಸಕರು ಉದ್ಘಾಟಿಸಿದರು. ಅಧಿಕಾರಿಗಳು, ಗುತ್ತಿಗೆದಾರರು ಮುಂತಾದವರು ಉಪಸ್ಥಿತರಿದ್ದರು.’

ಜನ ತಮ್ಮ ಫೋನಿನಲ್ಲೂ ನೋಡಿದರು. ಫೋಟೋ ಇರಬೇಕಾದಲ್ಲಿ ಖಾಲಿ ಚೌಕ, ಚೌಕದೊಳಗೆ ಆ ಫೋಟೋದ ಹೆಸರು. ಫೋಟೋ ಬಾರದಿದ್ದಾಗ ಓದುವವರಿಗೆ ಗೊತ್ತಾಗಲೆಂದು ಆ ಜಾಗದಲ್ಲಿ ‘ಇಂಥವರು ಇಂಥಲ್ಲಿ’ ಎಂದು ಬರೆಯಬೇಕು. ತಾಣದವರು ಅಷ್ಟು ಕಷ್ಟಪಡದೆ, ವಾಟ್ಸಾಪಿನಲ್ಲಿ ಬಂದ ಚಿತ್ರದ ಕಡತದ ಹೆಸರನ್ನೇ ಬಿಟ್ಟಿದ್ದರು. ಮೊದಲ ಚೌಕದಲ್ಲಿ ಐಎಂಜಿ, ಒಂದು ಗೆರೆ, ಎಂಟು ಅಂಕಿಯ ದಿನಾಂಕ, ಇನ್ನೊಂದು ಗೆರೆ, ಡಬ್ಲ್ಯೂಎ ನಲವತ್ತಮೂರು.

"ನಮ್ಮ ಅಧ್ಯಕ್ಷರು ಎಲ್ಲಿ ಅದಾರಪಾ?" ಎಂದು ಕಟ್ಟೆಯ ಮೇಲೆ ಯಾರೋ ಕೇಳಿದರು.

"ಇಲ್ಲಿ ಅದಾರಲ್ಲ," ಎಂದ ರೈತ ಪರಮೇಶ, ಚೌಕಕ್ಕೆ ಬೆರಳಿಟ್ಟು. "ಡಬ್ಲ್ಯೂಎ ನಲವತ್ಮೂರು."

ಸಂಜೆಯೊಳಗೆ ಆ ಹೆಸರು ಊರು ತುಂಬಿತು. ಕರಬಸಪ್ಪನವರು ಮರುದಿನ ಬೆಳಗ್ಗೆ ಗ್ರಂಥಾಲಯಕ್ಕೆ ಬಂದರು. ಮುಖದಲ್ಲಿ ಯಾವ ನಗುವೂ ಇರಲಿಲ್ಲ.

"ಏನ್ ಸುಜಾತಾ, ನಾ ಮುಂತಾದಾವ ಏನು?"

"ನಾ ಬರದಿದ್ದಲ್ರಿ ಅಧ್ಯಕ್ಷರ. ಅಲ್ಲಿ ಹಂಗ ಬಂದೈತ್ರಿ."

"ಫೋಟೋದಾಗ ನಾ ಶಾಸಕರ ಬಾಜೂಕ ಅದೇನಿ. ಶಿಗ್ಗಾವಿ ಬಸ್‌ಸ್ಟ್ಯಾಂಡಿನ್ಯಾಗ ನನ್ನ ಫೋನಿನ್ಯಾಗ ನೋಡೇನಿ. ಹಳದಿ ಪಟಗಾ ಕಾಣಾಕತ್ತಿತ್ತು. ಮಂದಿಗೆ ಕಾಣಬಾರದಂತ ನೀನ ಬಂದ್ ಮಾಡೀಯಂತಲ್ಲ ಫೋಟೋ?"

"ಎಲ್ಲಾ ಫೋಟೋ ಬಂದ್ ಅದಾವ್ರಿ. ಶಾಸಕರ್ದೂ ಕಾಣಂಗಿಲ್ಲ."

ಈ ಸಮಾನತೆ ಅಧ್ಯಕ್ಷರಿಗೆ ಹಿಡಿಸಲಿಲ್ಲ. ಈಗಲೇ, ತಮ್ಮ ಕಣ್ಣೆದುರೇ, ಫೋಟೋ ಸಮೇತ ತೆರೆಯಬೇಕೆಂದು ಕುರ್ಚಿ ಎಳೆದು ಕೂತರು. ಸುಜಾತಾ ಚಿತ್ರಗಳನ್ನು ಚಾಲೂ ಮಾಡಿದಳು. ಸೀರೆಯ ಜಾಹೀರಾತಿನ ಸೆರಗು ಬಂತು. ಹತ್ತು ನಿಮಿಷಕ್ಕೆ ಶಾಸಕರ ಹಣೆ ಬಂತು. ಇಪ್ಪತ್ತನೆಯ ನಿಮಿಷಕ್ಕೆ ಸಂಪರ್ಕ ಕಡಿದು ಹಣೆಯೂ ಹೋಯಿತು. ಹೊರಗೆ ಜನ ಬೋರ್ಡಿನ ಮುಂದೆ ನಿಂತೇ ಇದ್ದರು. ಅಂದು ತ್ರೀಫೇಸ್ ಏಳೂವರೆಗೇ ಬರುವುದಿತ್ತು. ಅದನ್ನು ಬರೆಯಬೇಕಾದ ಫೋನು ಶಾಸಕರ ಹಣೆ ಎಳೆಯುತ್ತಿತ್ತು. ಪರಮೇಶ ಹೊಲಕ್ಕೆ ಮುಟ್ಟುವಷ್ಟರಲ್ಲಿ ಕರೆಂಟು ಬಂದು ಅರ್ಧ ತಾಸಾಗಿತ್ತು.

"ಹಂಗಾರ ನೀನ ಬರಿ," ಎಂದರು ಅಧ್ಯಕ್ಷರು ಕೊನೆಗೆ. "ಬೋರ್ಡಿನ ಮ್ಯಾಲೆ ನನ್ನ ಸುದ್ದಿ ಬೇರೆ ಬರಿ. ನಾ ಹೇಳ್ತೇನಿ. ಅಭಿವೃದ್ಧಿಯ ಹರಿಕಾರ, ಬಡವರ ಬಂಧು—"

"ಏನ್ ಮಾಡಿದ್ರಿ ಅಂತ ಬರೀಲಿರಿ?"

"ಉದ್ಘಾಟನೆ."

"ಅದನ್ನ ಶಾಸಕರು ಮಾಡ್ಯಾರ್ರಿ."

"ನಾ ಬಾಜೂಕ ಇದ್ನಿ."

"ಅಷ್ಟ ಬರೀಲಿರಿ?"

ಅಧ್ಯಕ್ಷರು ಸೂರು ನೋಡಿದರು. ತಮ್ಮ ಎರಡು ವರ್ಷದ ಆಡಳಿತವನ್ನು ಮನಸ್ಸಿನಲ್ಲೇ ಒಂದು ಸುತ್ತು ಹಾಕಿ ಬಂದರು. ಸಸಿ ನೆಟ್ಟ ಫೋಟೋ ಇತ್ತು, ಸಸಿ ಇರಲಿಲ್ಲ. ಕಸದ ಗಾಡಿಗೆ ಬಾವುಟ ತೋರಿಸಿದ ಫೋಟೋ ಇತ್ತು, ಗಾಡಿ ಅಂದು ಹೋದದ್ದು ತಿರುಗಿ ಬಂದಿರಲಿಲ್ಲ. ಫೋಟೋ ತೆಗೆದುಹಾಕಿದರೆ ಬರೆಯುವುದಕ್ಕೆ ಏನೂ ಉಳಿಯದೆಂಬುದು ಅವರಿಗೂ ಹೊಳೆದಿರಬೇಕು. ಸುಜಾತಾಳಿಗೆ ಒಂದು ಗಳಿಗೆ ಅವರ ಬಗ್ಗೆ ಕನಿಕರವೇ ಆಯಿತು. ಅವರು ಬಾಯಿ ತೆರೆದ ಕೂಡಲೇ ಆ ಕನಿಕರ ಹೋಯಿತು.

"ಈ ಬೋರ್ಡ ಬ್ಯಾಡ," ಎಂದರು. "ಡಿಜಿಟಲ್ ಕಾಲದಾಗ ಸೀಮೆಸುಣ್ಣ ಹಿಡಕೊಂಡು ಏನ್ ಮಾಡ್ತಿ? ಟವರ್ ಚಾಲೂ ಮಾಡಸ್ತೇನಿ. ಒಳಗ ಟಿವಿ ಐತಲ್ಲ, ಅದರಾಗ ಫೋಟೋ ಸಮೇತ ಸುದ್ದಿ ಬರಲಿ. ಗ್ವಾಡಿಗೆ ಸುಣ್ಣಾ ಹೊಡಿಸಿ ಅಲ್ಲೊಂದು ನನ್ನ ಚಿತ್ರಾ ಬರಸೂಣು."

ಸೋಮವಾರದ ಪಂಚಾಯಿತಿ ಸಭೆಯಲ್ಲಿ ಠರಾವೂ ಆಯಿತು. ಟವರು ಚಾಲೂ ಆದ ಮರುದಿನ ಬೋರ್ಡಿಗೆ ಸುಣ್ಣ. ಸುಜಾತಾ ಮನೆಗೆ ಬಂದು ಅಪ್ಪನಿಗೆ ಹೇಳಿದಳು. ಸಂಬಳ ನಿಲ್ಲುತ್ತಿರಲಿಲ್ಲ, ಪುಸ್ತಕದ ಕಪಾಟಿನ ಕೀಲಿಕೈ ಅವಳ ಬಳಿಯೇ ಇರುತ್ತಿತ್ತು. ಆದರೆ ಅಪ್ಪನ ದನಿಗೆ ನಾಚಿ ತಲೆ ತಗ್ಗಿಸಿದವಳು, ಅದೇ ಕೆಲಸವನ್ನು ಅಕ್ಷರದಲ್ಲಿ ಮಾಡಿ ಊರ ಮುಂದೆ ತಲೆಯೆತ್ತಿ ನಿಂತಿದ್ದು ಆ ಗೋಡೆಯ ಮುಂದೆಯೇ. ಅದನ್ನು ಬಿಟ್ಟುಕೊಡುವುದು ಅವಳಿಗೆ ಸಂಕಟವಾಗಿತ್ತು.

"ಟವರಿಗೆ ಕರೆಂಟ್ ಯಾಕ ಇರಲಿಲ್ಲವಾ ಇಷ್ಟ ದಿನ?" ಎಂದು ಕೇಳಿದ ಗುತ್ತೆಪ್ಪ.

ಅದರ ಉತ್ತರ ಎರಡು ದಿನದಲ್ಲಿ ಸಿಕ್ಕಿತು. ಟವರಿಗೆ ಕರೆಂಟು ಕೊಡಲು ಪಂಚಾಯಿತಿಯ ಒಂದು ಒಪ್ಪಿಗೆ ಪತ್ರ ಬೇಕಿತ್ತು. ಅರ್ಜಿ ಬಂದು ಹದಿನಾಲ್ಕು ತಿಂಗಳಾಗಿತ್ತು. ಟವರಿನ ಅರ್ಜಿ ಎಲ್ಲಿದೆ ಎಂದು ಅಧ್ಯಕ್ಷರು ಎಲ್ಲರನ್ನೂ ಬೈಯುತ್ತ ಹುಡುಕಿಸಿದರು. ಅದು ಸಿಕ್ಕಿದ್ದು ಅವರದೇ ಮೇಜಿನ ಖಾನೆಯಲ್ಲಿ, ಸನ್ಮಾನ ಪತ್ರಗಳ ಅಡಿಯಲ್ಲಿ. ಸಹಿ ಮಾಡುವಾಗ ಕ್ಯಾಮೆರಾ ಇರಲಿಲ್ಲವಾದ್ದರಿಂದ ಅದಕ್ಕೆ ಅರ್ಧ ನಿಮಿಷವೂ ಹಿಡಿಯಲಿಲ್ಲ.

ಮೂರು ವಾರದಲ್ಲಿ ಟವರು ಚಾಲೂ ಆಯಿತು. ಹದ್ದು ಬೇರೆ ಮರ ನೋಡಿಕೊಂಡಿತು. ‘ಇ’ ಹೋಗಿ ನಾಲ್ಕನೆಯ ತಲೆಮಾರಿನ ಗುರುತು ಬಂತು. ಅಂದು ಸಂಜೆ ಅಧ್ಯಕ್ಷರು ಊರವರನ್ನೆಲ್ಲ ಗ್ರಂಥಾಲಯಕ್ಕೆ ಕರೆಸಿದರು. ಮಂಡಕ್ಕಿ, ಮಿರ್ಚಿ ತರಿಸಿದರು. ಬಾಗಿಲ ಬಳಿ ಸುಣ್ಣದ ಬಕೀಟು ಮರುದಿನಕ್ಕೆ ಸಿದ್ಧವಾಗಿ ಕೂತಿತ್ತು. ಸುಜಾತಾ ಫೋನನ್ನು ಟಿವಿಗೆ ಜೋಡಿಸಿ, ಚಿತ್ರಗಳನ್ನು ಚಾಲೂ ಮಾಡಿ, ನೀರಿನ ಘಟಕದ ಆ ಹಳೆಯ ಸುದ್ದಿಯನ್ನು ತೆರೆದಳು. ಬಕೀಟಿನ ಕಡೆ ನೋಡದಿರಲು ಪ್ರಯತ್ನಪಟ್ಟಳು.

ಕಣ್ಣು ಮಿಟುಕಿಸುವುದರೊಳಗೆ ಪುಟ ಬಂತು. ಸೀರೆ ಬಂತು, ನಿವೇಶನ ಬಂತು, ವಿಡಿಯೋ ಅರಚಿತು. ಅವೆಲ್ಲ ದಾಟಿ ಐಎಂಜಿ, ಡಬ್ಲ್ಯೂಎ ನಲವತ್ತಮೂರು ಟಿವಿಯ ತುಂಬ ಹರಡಿಕೊಂಡಿತು.

ನಡುವೆ ಶಾಸಕರು ನಗುತ್ತಿದ್ದರು. ಅವರ ಬಾಜೂಕ ಹಳದಿ ಪೇಟ ಸುತ್ತಿ ನಗುತ್ತಿದ್ದವನು ಘಟಕ ಕಟ್ಟಿಸಿದ ಗುತ್ತಿಗೆದಾರ. ಅಂಗೈಯಗಲದ ಫೋನಿನಲ್ಲಿ ಹಳದಿ ಪೇಟವೆಲ್ಲ ಕರಬಸಪ್ಪನವರದೇ ಆಗಿ ಕಂಡಿತ್ತು. ಟಿವಿಯಲ್ಲಿ ಪೇಟದ ಕೆಳಗೆ ಮುಖವೂ ಕಂಡಿತು. ಜನ ಹುಡುಕಿದರು. ಹದಿನಾಲ್ಕೂ ಫೋಟೋ ನೋಡಿಯಾಯಿತು. ಕೊನೆಗೆ ಗುತ್ತೆಪ್ಪನೇ ಎದ್ದು ಹೋಗಿ ಟಿವಿಯ ಮೂಲೆಗೆ ಬೆರಳಿಟ್ಟ. ಶಾಸಕರ ಮೊಣಕೈಯ ಹಿಂದೆ ಒಂದು ಕಿವಿ, ಅದರ ಮೇಲೆ ನಾಲ್ಕು ಬೆರಳಗಲ ಹಳದಿ ಬಟ್ಟೆ, ಮುಚ್ಚಿದ ಒಂದು ಕಣ್ಣು ಇದ್ದವು.

"ಇಲ್ಲಿ ಅದಾರ ನೋಡ್ರಿ," ಎಂದ. ಅವನ ಮಾತಿನಲ್ಲಿ ಕುಹಕವಿರಲಿಲ್ಲ. ಕೇಳಿದ್ದಕ್ಕೆ ಎಲ್ಲಿ ಎಂದು ಹೇಳುವುದು ಅವನ ಹಳೆಯ ರೂಢಿ.

ಯಾರೂ ನಗಲಿಲ್ಲ, ಮನೆ ಮುಟ್ಟುವ ತನಕ ತಡೆದುಕೊಂಡರು. ಅಧ್ಯಕ್ಷರು ಮಿರ್ಚಿ ತಿನ್ನದೆ ಎದ್ದು ಹೋದರು.

ಮರುದಿನ ಬೆಳಗ್ಗೆ ಏಳಕ್ಕೆ ಸುಜಾತಾ ಬಂದಾಗ ಬೋರ್ಡಿನ ಮುಂದೆ ಎಂದಿಗಿಂತ ಹೆಚ್ಚು ಜನರಿದ್ದರು. ಎಲ್ಲರ ಕೈಯಲ್ಲೂ ಫೋನು, ಎಲ್ಲರ ಫೋನಿನಲ್ಲೂ ವೇಗದ ಜಾಲ. ಪರಮೇಶ ಐದೂವರೆಗೇ ಎದ್ದು ಕರೆಂಟಿನ ಹೊತ್ತು ನೋಡಲು ಹೋಗಿ, ಯಾವುದೋ ವಿಡಿಯೋದಲ್ಲಿ ಸಿಕ್ಕಿ, ಅಲ್ಲಿಂದ ಇನ್ನೊಂದಕ್ಕೆ ಜಾರಿ, ಒಂದೂವರೆ ತಾಸಿನ ಮೇಲೆ ಒಬ್ಬ ನಟಿಯ ನಾಯಿಯ ಹುಟ್ಟುಹಬ್ಬ ನೋಡುತ್ತಿದ್ದ.

"ಸುಜಾತಕ್ಕಾ, ಕರೆಂಟ್ ಎಷ್ಟಕ್ಕ ಐತ್ರಿ?" ಎಂದ. "ಇದರಾಗ ಎಲ್ಲಾ ಐತಿ, ಅದೊಂದ ಸಿಗವಲ್ದು."

ಅವಳು ಸುಣ್ಣದ ಬಕೀಟು ನೋಡಿದಳು, ಸೀಮೆಸುಣ್ಣ ನೋಡಿದಳು. ಠರಾವು ಠರಾವೇ. ಅಷ್ಟರಲ್ಲಿ ಕರಬಸಪ್ಪನವರು ಜನರನ್ನು ಸರಿಸಿಕೊಂಡು ಬಂದರು. ಸುಣ್ಣ ಹೊಡೆಯುವವನನ್ನು ಕರೆತಂದಿರಲಿಲ್ಲ. ಬಕೀಟನ್ನು ಕಾಲಿನಿಂದ ಬದಿಗೆ ತಳ್ಳಿ ದನಿ ತಗ್ಗಿಸಿದರು.

"ಯವ್ವಾ ಸುಜಾತಾ. ಬೋರ್ಡ ಇರ್ಲಿ ಬಿಡು."

"ಆತ್ರಿ."

"ಮತ್ತ... ಆ ಫೋಟೋ ಬಂದ್ ಮಾಡೂದ ಐತಲ್ಲ, ಅದನ್ನ ಎಲ್ಲಾರ ಫೋನಿಗೂ ಮತ್ತ ಹಾಕ್ಕೊಡು. ಟವರ್ ಬಂತಂತ ಬಿಡಬ್ಯಾಡ. ಮಂದಿ ಹೊತ್ತು ಹಾಳು ಮಾಡಾಕತ್ತಾರ."

"ಹಾಕ್ಕೊಡ್ತೇನಿ ಬಿಡ್ರಿ."

ಅವರು ಹೋಗಲಿಲ್ಲ. ತಲೆಗೆ ಸುತ್ತಿದ್ದ ಪಟಗಾ ಸರಿಮಾಡಿಕೊಂಡರು. "ಈಗರ ನನ್ನ ಹೆಸರು ಬರೀತಿಯೇನು? ಟವರ್ ನಾನ ಮಾಡ್ಸೇನಿ. ಬಾಜೂಕ ನಿಂತಿದ್ದಲ್ಲ ಇದು."

ಸುಜಾತಾಳಿಗೆ ಇದನ್ನು ಅಲ್ಲಗಳೆಯಲು ಆಗಲಿಲ್ಲ. ಎರಡು ವರ್ಷದಲ್ಲಿ ಮೊದಲ ಸಲ ಆ ಮನುಷ್ಯನ ಬಗ್ಗೆ ಬರೆಯುವಂಥದ್ದು ಏನೋ ಆಗಿತ್ತು, ಅದಕ್ಕೆ ಫೋಟೋ ಇರಲಿಲ್ಲ. ಕರೆಂಟು, ಮಳೆ, ದರ ಬರೆದ ಮೇಲೆ ಕೆಳಗೆ ದುಂಡಗೆ ಬರೆದಳು:

‘ಟವರಿನ ಒಪ್ಪಿಗೆ ಪತ್ರಕ್ಕೆ ಅಧ್ಯಕ್ಷ ಕರಬಸಪ್ಪನವರು ಸಹಿ ಮಾಡಿದರು.

ಅರ್ಜಿ ಬಂದು ಹದಿನಾಲ್ಕು ತಿಂಗಳಾಗಿತ್ತು.’

ಅಧ್ಯಕ್ಷರು ಮೊದಲ ಸಾಲನ್ನು ಎರಡು ಸಲ ಓದಿದರು, ಮುಖ ಅರಳಿತು. ಎರಡನೆಯದಕ್ಕೆ ಬಂದಾಗ ಅರಳಿದ್ದು ಹಾಗೇ ನಿಂತಿತು.

"ಕೆಳಗಿಂದು ಅಳಸವಾ."

"ಯಾವಾಗ ಅನ್ನೂದು ಇರಬೇಕ್ರಿ ಅಧ್ಯಕ್ಷರ. ನಮ್ಮಪ್ಪ ಹಂಗ ಹೇಳಿಕೊಟ್ಟಾನ."

ಕಟ್ಟೆಯ ಮೇಲೆ ಕೂತಿದ್ದ ಗುತ್ತೆಪ್ಪ ಮಗಳ ಕಡೆ ನೋಡಿ ಬಾಯೊಳಗಿನ ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದ.

ಕರಬಸಪ್ಪನವರು ಕ್ಷಣ ಯೋಚಿಸಿದರು. ಆಮೇಲೆ ತಮ್ಮ ಫೋನನ್ನು ಪರಮೇಶನ ಕೈಗೆ ಕೊಟ್ಟು, ಬೋರ್ಡಿಗೆ ಬೆನ್ನು ಹಾಕಿ, ಮೊದಲ ಸಾಲು ತಲೆಯ ಮೇಲೆ ಬರುವಂತೆ ಸ್ವಲ್ಪ ಕುಗ್ಗಿ, ಎರಡನೆಯ ಸಾಲು ಪಟಗಾದ ಹಿಂದೆ ಅಡಗುವಂತೆ ನಿಂತು, ಕ್ಯಾಮೆರಾದ ನಗು ನಕ್ಕರು. ಆ ಫೋಟೋ ಊರಿನ ವಾಟ್ಸಾಪ್ ಗುಂಪುಗಳಿಗೆಲ್ಲ ಹೋಯಿತು. ಕಣ್ಣು ಎರಡೂ ತೆರೆದಿದ್ದವು, ಚಲೋ ಬಂದಿತ್ತು.

ಫೋಟೋ ಮುಗಿಸಿ ಅವರು ಆಚೆ ಸರಿದರು. ಜನ ಮುಂದೆ ಬಂದು ಎರಡೂ ಸಾಲು ಓದಿಕೊಂಡು ಹೊಲಕ್ಕೆ ಹೋದರು.